ಬಿಗಿದ ರಾಡ್ ಬಿಸಿ ಮಾಡಿದರೆ ಲೆಕ್ಕದಲ್ಲಿ 29 ಕಿಲೋನ್ಯೂಟನ್, ಲೋಡ್ ಸೆಲ್‌ನಲ್ಲಿ ಬರೀ 9. ಉಳಿದಿದ್ದು ಎಲ್ಲಿ ಹೋಯ್ತು?

ಪವನ್_ಮೆಕ್

ಎಲ್ಲರಿಗೂ ನಮಸ್ಕಾರ. ಡಿಪ್ಲೊಮಾ ಕೊನೇ ವರ್ಷದ ಪ್ರಾಜೆಕ್ಟ್‌ಗೆ ಒಂದು ರಿಗ್ ಮಾಡಿದ್ದೇವೆ. 16 ಮಿಮೀ ಎಂ.ಎಸ್. ರಾಡ್, ಉದ್ದ 500 ಮಿಮೀ. ಎರಡು ತುದಿಯಲ್ಲೂ 12 ಮಿಮೀ ದಪ್ಪದ ಪ್ಲೇಟ್. ಆ ಪ್ಲೇಟ್‌ಗಳನ್ನು ಎರಡು ಪಕ್ಕದ ಚಾನೆಲ್‌ಗಳಿಗೆ ವೆಲ್ಡ್ ಮಾಡಿದ್ದೇವೆ. ಒಂದು ತುದಿಯಲ್ಲಿ ರಾಡ್‌ಗೂ ಪ್ಲೇಟ್‌ಗೂ ನಡುವೆ 5 ಟನ್ ಲೋಡ್ ಸೆಲ್ ಕೂರಿಸಿದ್ದೇವೆ. ರಾಡ್‌ನ ಮಧ್ಯಭಾಗಕ್ಕೆ ಹೀಟರ್ ಸುತ್ತಿದ್ದೇವೆ.

ರೂಮ್ ಟೆಂಪರೇಚರ್ 28 ಡಿಗ್ರಿ, ರಾಡ್ 88 ಡಿಗ್ರಿಗೆ ಹೋಗುತ್ತೆ. ಅಂದರೆ 60 ಡಿಗ್ರಿ ಏರಿಕೆ. ನನ್ನ ಲೆಕ್ಕ ಹೀಗಿದೆ:

```
σ = E·α·ΔT = 200000 × 12e-6 × 60 = 144 MPa
A = 201 mm²
F = σ·A ≈ 28.9 kN
```

ಲೋಡ್ ಸೆಲ್ ತೋರಿಸೋದು 9.1 ಕಿಲೋನ್ಯೂಟನ್. ಸೆಲ್ಲನ್ನು ಕಾಲೇಜಿನ ಟೆಸ್ಟಿಂಗ್ ಮೆಷಿನ್‌ನಲ್ಲಿ ಹಾಕಿ ನೋಡಿದೆವು, ಸರಿಯಾಗೇ ಇದೆ. ಎರಡು ವಾರದಲ್ಲಿ ವೈವಾ. ಎಲ್ಲಿ ನೋಡಬೇಕು ಹೇಳಿ.

ಕರಾವಳಿ_ವೆಲ್ಡರ್

ರಾಡ್ ತುಂಬಾ ಗಿಡ್ಡ ಆಯ್ತು ಮಾರಾಯ್ರೆ. ಅರ್ಧ ಮೀಟರ್ ರಾಡ್ ಎಷ್ಟು ಹಿಗ್ಗುತ್ತೆ? ಒಂದು ಮೀಟರ್ ಹಾಕಿ ನೋಡಿ. ಹಿಗ್ಗೋದು ಡಬಲ್, ಬಲನೂ ಜಾಸ್ತಿ ಬರುತ್ತೆ.

ಗಿರಣಿ_ಬಸವ

ಇದನ್ನು ಬಿಸಿ ಮಾಡಿ ಅಳೆಯೋದು ಯಾಕೆ ಅಂತ ನನಗೆ ತಿಳೀಲಿಲ್ಲ. ಗ್ಯಾಪ್ ಬಿಡಬೇಕ್ರಿ, ಇಲ್ಲಾಂದ್ರೆ ಕೆಲಸ ಕೆಡುತ್ತೆ. ನಾನು ಗಂಗಾವತಿ ಕಡೆ ಅಕ್ಕಿ ಗಿರಣಿಯಲ್ಲಿ ಫಿಟ್ಟರ್. ಅಕ್ಕಿ ಕುದಿಸೋ ಟ್ಯಾಂಕಿಗೆ ಎರಡಿಂಚಿನ ಸ್ಟೀಮ್ ಪೈಪ್ ಎಳೆದಿದ್ದರು. ಎರಡು ಕಾಂಕ್ರೀಟ್ ಕಂಬದ ನಡುವೆ 6 ಮೀಟರ್, ಎರಡೂ ಕಡೆ ಕ್ಲೀಟಿಗೆ ವೆಲ್ಡ್. 4 ಕೆಜಿ ಪ್ರೆಷರ್ ಸ್ಟೀಮ್ ಬಿಟ್ಟ ಮೊದಲ ದಿನವೇ ಪೈಪ್ ಬಿಲ್ಲಿನ ಹಾಗೆ ಬಾಗಿತು. ಮಧ್ಯದಲ್ಲಿ ನಾಲ್ಕು ಇಂಚಿಗೂ ಜಾಸ್ತಿ. ತಣ್ಣಗಾದ ಮೇಲೂ ನೆಟ್ಟಗಾಗಲಿಲ್ಲ. ಆದರೆ ಕಂಬಕ್ಕೆ ಏನೂ ಆಗಲಿಲ್ಲ. ಅಷ್ಟು ದೊಡ್ಡ ಬಲ ಇದ್ದರೆ ಕಂಬ ಯಾಕೆ ಒಡೀಲಿಲ್ಲ, ಯಾರಾದರೂ ಹೇಳಿ ನೋಡೋಣ.

ಶೈಲಾ_ಎಸ್

ಪವನ್, ನಿಮ್ಮ ಸೂತ್ರದಲ್ಲಿ ತಪ್ಪಿಲ್ಲ. ಗೋಡೆ ಒಂದು ಕೂದಲೆಳೆಯಷ್ಟೂ ಸರಿಯೋಲ್ಲ, ರಾಡ್ ಉದ್ದಕ್ಕೂ ಒಂದೇ ಬಿಸಿ ಇದೆ, ರಾಡ್ ಬಾಗೋಲ್ಲ ಅನ್ನೋ ಮೂರು ಮಾತಿನ ಮೇಲೆ ಅದು ನಿಂತಿದೆ. ನಿಮ್ಮ ರಿಗ್‌ನಲ್ಲಿ ಯಾವುದು ನಿಜ, ಯಾವುದು ಅಲ್ಲ ಅಂತ ನೋಡಬೇಕು.

ಬಾಗೋದನ್ನು ಬಿಟ್ಟುಬಿಡಿ. 16 ಮಿಮೀ ದಪ್ಪಕ್ಕೆ 500 ಮಿಮೀ ಉದ್ದ ಅಂದರೆ ರಾಡ್ ಗಟ್ಟಿಯಾಗೇ ಇದೆ. ತುದಿ ಪೂರ್ತಿ ಬಿಗಿ ಅಂದುಕೊಂಡರೆ ಅದು ಬಾಗೋಕೆ ಸುಮಾರು 100 ಕಿಲೋನ್ಯೂಟನ್ ಬೇಕು. ತುದಿ ಸ್ವಲ್ಪ ಸಡಿಲ ಅಂದರೂ ನೀವು ಅದರ ಹತ್ತಿರ ಹೋಗಿಲ್ಲ.

ಉಳಿದ ಎರಡರ ಮೇಲೆ ನನಗೆ ಅನುಮಾನ. ಎರಡು ಪ್ರಶ್ನೆ. ಥರ್ಮೋಕಪಲ್ ಎಲ್ಲಿ ಇಟ್ಟಿದ್ದೀರಿ? ಬಿಸಿ ಮಾಡುವಾಗ ಪ್ಲೇಟ್‌ಗಳ ಹೊರಮೈಗೆ, ಸರಿಯಾಗಿ ರಾಡ್ ಎದುರಿಗೆ, ಡಯಲ್ ಗೇಜ್ ಇಟ್ಟು ನೋಡಿದ್ದೀರಾ? ಗೇಜಿನ ಸ್ಟ್ಯಾಂಡ್ ರಿಗ್ ಮೇಲೆ ಇರಬಾರದು, ಮೇಜಿನ ಮೇಲೆ ಇರಲಿ. ಇಲ್ಲಾಂದ್ರೆ ಪ್ಲೇಟಿನ ಜೊತೆ ಅದೂ ಸರಿಯುತ್ತೆ, ಮುಳ್ಳು ಅಲ್ಲಾಡೋದೇ ಇಲ್ಲ.

ಹಾಗೇ ಶುರುವಿನಲ್ಲಿ ನಟ್ ಬಿಗಿದು ಸ್ವಲ್ಪ ಲೋಡ್ ಬಂದ ಮೇಲೆ ಸೊನ್ನೆ ಮಾಡಿದ್ರಾ? ಒಂದು ಸಣ್ಣ ಗ್ಯಾಪ್ ಉಳಿದಿದ್ದರೂ ಹಿಗ್ಗಿದ್ದರಲ್ಲಿ ಅಷ್ಟು ಸುಮ್ನೆ ಗ್ಯಾಪ್ ತುಂಬೋಕೇ ಹೋಗುತ್ತೆ.

ಕರಾವಳಿ_ವೆಲ್ಡರ್

ಥರ್ಮೋಕಪಲ್ ಮಧ್ಯದಲ್ಲೇ ಇರಬೇಕಲ್ವಾ ಮೇಡಂ? ಅಲ್ಲೇ ಬಿಸಿ ಜಾಸ್ತಿ, ಅಲ್ಲೇ ಸ್ಟ್ರೆಸ್ ಜಾಸ್ತಿ.

ಶೈಲಾ_ಎಸ್

ಬಿಸಿ ಅಲ್ಲಿ ಜಾಸ್ತಿ, ಹೌದು. ಸ್ಟ್ರೆಸ್ ಅಲ್ಲ. ರಾಡನ್ನು ಎಲ್ಲಿ ಬೇಕಾದರೂ ಕತ್ತರಿಸಿದ ಹಾಗೆ ಊಹಿಸಿಕೊಳ್ಳಿ. ಎಡಗಡೆ ತುಂಡನ್ನು ಗೋಡೆ ಎಷ್ಟು ಒತ್ತುತ್ತೋ, ಬಲಗಡೆ ತುಂಡೂ ಅದನ್ನು ಅಷ್ಟೇ ಒತ್ತಬೇಕು. ಇಲ್ಲದಿದ್ದರೆ ಆ ತುಂಡು ಒಂದು ಕಡೆ ಓಡಿ ಹೋಗುತ್ತಿತ್ತು. ಹಾಗಾಗಿ ಉದ್ದಕ್ಕೂ ಬಲ ಒಂದೇ. ದಪ್ಪ ಒಂದೇ ಇದ್ದರೆ ಸ್ಟ್ರೆಸ್ಸೂ ಒಂದೇ. ಮಧ್ಯದ ಬಿಸಿ ಭಾಗ ಹಿಗ್ಗಿ, ತುದಿಯ ತಣ್ಣನೆ ಭಾಗವನ್ನು ಒತ್ತಿ ಕುಗ್ಗಿಸುತ್ತೆ. ಕೊನೆಗೆ ಲೆಕ್ಕಕ್ಕೆ ಬರೋದು ಇಡೀ ರಾಡಿನ ಸರಾಸರಿ ಏರಿಕೆ.

ಪವನ್_ಮೆಕ್

ಮೇಡಂ, ನಟ್ ಬಿಗಿದು ಅರ್ಧ ಕಿಲೋನ್ಯೂಟನ್ ಬಂದ ಮೇಲೇ ಸೊನ್ನೆ ಮಾಡಿದ್ದು. ಗ್ಯಾಪ್ ಇಲ್ಲ.

ಥರ್ಮೋಕಪಲ್ ಇದ್ದದ್ದು ಒಂದೇ, ಮಧ್ಯದಲ್ಲಿ. ಇವತ್ತು ಲ್ಯಾಬ್‌ನಿಂದ ಇನ್ನೂ ನಾಲ್ಕು ತಂದು ಹಾಕಿದೆವು. ಮಧ್ಯದಲ್ಲಿ 88 ಇದ್ದಾಗ, ಎರಡೂ ಕಡೆ ಕಾಲು ಭಾಗದಲ್ಲಿ 75, ತುದಿಗಳಲ್ಲಿ 53. ಪ್ಲೇಟ್ ಮುಟ್ಟಿದರೆ ಬೆಚ್ಚಗಿದೆ.

ಡಯಲ್ ಗೇಜ್ ನೋಡಿ ಗಾಬರಿ ಆಯ್ತು. 12 ಮಿಮೀ ಪ್ಲೇಟ್ ಅಲ್ಲಾಡೋದೇ ಇಲ್ಲ ಅಂದುಕೊಂಡಿದ್ದೆವು. ಎಡಗಡೆ ಪ್ಲೇಟ್ 7 ಗೀಟು, ಬಲಗಡೆ 8 ಗೀಟು ಹೊರಗೆ ಬಂತು. ಒಂದು ಗೀಟು ಅಂದರೆ 0.01 ಮಿಮೀ. ಒಟ್ಟು 0.15 ಮಿಮೀ.

ಶೈಲಾ_ಎಸ್

ಸಿಕ್ಕಿತು ನೋಡಿ. ಈಗ ಲೆಕ್ಕವನ್ನು ಸ್ಟ್ರೆಸ್‌ನಿಂದ ಶುರು ಮಾಡಬೇಡಿ, ಉದ್ದದಿಂದ ಮಾಡಿ. ಆಗ ಎಲ್ಲ ಕಣ್ಣಿಗೆ ಕಾಣುತ್ತೆ.

ಏರಿಕೆ ತುದಿಯಲ್ಲಿ 25, ಕಾಲು ಭಾಗದಲ್ಲಿ 47, ಮಧ್ಯದಲ್ಲಿ 60. ಇವುಗಳ ಸರಾಸರಿ ತೆಗೆಯುವಾಗ ತುದಿಗಳನ್ನು ಅರ್ಧ ಅರ್ಧ ಹಿಡಿಯಿರಿ. ಸುಮಾರು 45 ಡಿಗ್ರಿ ಬರುತ್ತೆ. ಗೋಡೆ ಇಲ್ಲದಿದ್ದರೆ ರಾಡ್ ಹಿಗ್ಗುತ್ತಿದ್ದದ್ದು 500 × 12e-6 × 45, ಅಂದರೆ 0.27 ಮಿಮೀ. ಅದರಲ್ಲಿ 0.15 ಮಿಮೀ ಜಾಗ ಪ್ಲೇಟ್‌ಗಳು ಬಿಟ್ಟುಕೊಟ್ಟವು. ಗೋಡೆ ನಿಜವಾಗಿ ತಡೆದದ್ದು 0.12 ಮಿಮೀ ಮಾತ್ರ.

ನಿಮ್ಮ ರಾಡನ್ನು 1 ಮಿಮೀ ಕುಗ್ಗಿಸೋಕೆ A·E/L, ಅಂದರೆ 80.4 ಕಿಲೋನ್ಯೂಟನ್ ಬೇಕು. 0.12 ಮಿಮೀಗೆ 9.6. ನಿಮ್ಮ ಸೆಲ್ ತೋರಿಸಿದ್ದು 9.1. ಸ್ಟ್ರೆಸ್ ಸುಮಾರು 45 ಎಂಪಿಎ, 144 ಅಲ್ಲ.

ಉಳಿದ ಅರ್ಧ ಕಿಲೋನ್ಯೂಟನ್ ಹಿಂದೆ ಜಾಸ್ತಿ ಓಡಬೇಡಿ. ಅದು 0.006 ಮಿಮೀ ಲೆಕ್ಕ, ನಿಮ್ಮ ಗೇಜಿನ ಒಂದು ಗೀಟಿಗಿಂತ ಕಡಿಮೆ.

ಪ್ಲೇಟ್ ಬಾಗೋದು ಕಡಿಮೆ ಆಗಬೇಕಾದರೆ 20 ಮಿಮೀ ಪ್ಲೇಟ್ ಹಾಕಿ. ಬಾಗುವಿಕೆಗೆ ದಪ್ಪದ ಘನ ಲೆಕ್ಕ, ಹಾಗಾಗಿ ನಾಲ್ಕೂವರೆ ಪಟ್ಟು ಗಟ್ಟಿಯಾಗುತ್ತೆ. ಆದರೆ 28.9 ನೋಡುವ ಆಸೆ ಬಿಡಿ. 45 ಡಿಗ್ರಿ ಸರಾಸರಿಗೆ ಗೋಡೆ ಒಂಚೂರೂ ಸರಿಯದಿದ್ದರೂ 21.7ರ ಮೇಲೆ ಹೋಗೋಲ್ಲ.

ಕರಾವಳಿ_ವೆಲ್ಡರ್

ಅಂದರೆ ನಾನು ಹೇಳಿದ ಉದ್ದದ ವಿಷಯ ಸುಳ್ಳಾ?

ಶೈಲಾ_ಎಸ್

ಅರ್ಧ ನಿಜ. ಗೋಡೆ ಅಲ್ಲಾಡದಿದ್ದರೆ ಉದ್ದಕ್ಕೆ ಬೆಲೆಯೇ ಇಲ್ಲ. ರಾಡ್ ಡಬಲ್ ಆದರೆ ಹಿಗ್ಗೋದೂ ಡಬಲ್, ಆದರೆ ಕುಗ್ಗಿಸೋದೂ ಅಷ್ಟೇ ಸುಲಭ ಆಗುತ್ತೆ. ಎರಡೂ ಹೊಡೆದುಹೋಗುತ್ತೆ. ರೈಲು ಹಳಿಯನ್ನು ಕಿಲೋಮೀಟರ್‌ಗಟ್ಟಲೆ ಜಾಯಿಂಟ್ ಇಲ್ಲದೆ ವೆಲ್ಡ್ ಮಾಡೋಕೆ ಸಾಧ್ಯ ಆಗಿದ್ದೂ ಇದರಿಂದಲೇ. ತುದಿಗಳನ್ನು ಬಿಟ್ಟು ನಡುಭಾಗದಲ್ಲಿ, ಮೀಟರಿಗೆ 60 ಕೆಜಿ ತೂಗುವ ಹಳಿಯಲ್ಲಿ ಡಿಗ್ರಿಗೆ ಸುಮಾರು 1.9 ಟನ್ ಬಲ ಬರುತ್ತೆ, ಹಳಿ ಎಷ್ಟೇ ಉದ್ದ ಇರಲಿ.

ಆದರೆ ಪವನ್ ರಿಗ್‌ನಲ್ಲಿ ಗೋಡೆಯೂ ಒಂದು ಸ್ಪ್ರಿಂಗ್. 9.1 ಕಿಲೋನ್ಯೂಟನ್‌ಗೆ 0.15 ಮಿಮೀ, ಅಂದರೆ ಮಿಮೀಗೆ 60ರ ಆಸುಪಾಸು. ಅಲ್ಲಿ ಒಂದು ಮೀಟರ್ ರಾಡ್ ಹಾಕಿ, ಅದೇ ಸರಾಸರಿ ಬಿಸಿ ಮಾಡಿದರೆ ಸುಮಾರು 13 ಬರುತ್ತೆ. ನಿಮ್ಮ ಮಾತು ಅಲ್ಲಿ ನಿಲ್ಲುತ್ತೆ, ಆದರೆ ನೀವು ಕೊಟ್ಟ ಕಾರಣಕ್ಕಲ್ಲ. ಒಂದು ಮೀಟರ್‌ಗೆ ಬಾಗುವ ಲೋಡ್ 25ಕ್ಕೆ ಇಳಿಯುತ್ತೆ ಅನ್ನೋದು ನೆನಪಿರಲಿ.

ಬಸವಣ್ಣ, ನಿಮ್ಮ ಕಂಬ ಉಳಿದದ್ದೂ ಇದೇ ಬಾಗುವ ವಿಷಯಕ್ಕೆ. 4 ಕೆಜಿ ಸ್ಟೀಮ್ ಅಂದರೆ 150 ಡಿಗ್ರಿ ಆಸುಪಾಸು, ಏರಿಕೆ 120. ಪೈಪ್ ನೆಟ್ಟಗೇ ಉಳಿದಿದ್ದರೆ ಸ್ಟ್ರೆಸ್ 288 ಎಂಪಿಎ ಆಗಬೇಕಿತ್ತು. ಸಾಧಾರಣ ಎಂ.ಎಸ್. 250ಕ್ಕೇ ಕೈ ಚೆಲ್ಲುತ್ತೆ, ಹಾಗಾಗಿ ಆ ಸೂತ್ರ ಅಲ್ಲಿಗೆ ಮುಟ್ಟೋದೇ ಇಲ್ಲ. ಅದಕ್ಕೂ ಮೊದಲೇ, ನಿಮ್ಮ ಪೈಪ್ ಮೀಡಿಯಂ ಕ್ಲಾಸ್ ಅಂದುಕೊಂಡರೆ, ಸುಮಾರು 37 ಡಿಗ್ರಿ ಏರಿದಾಗಲೇ ಅದು ಬಾಗೋಕೆ ಶುರು. ಆಗ ಕಂಬದ ಮೇಲೆ ಇರೋ ಬಲ 57 ಕಿಲೋನ್ಯೂಟನ್, ಹತ್ತಿರ ಹತ್ತಿರ 6 ಟನ್. ಆಮೇಲೆ ಎಷ್ಟೇ ಬಿಸಿಯಾದರೂ ಪೈಪ್ ಪಕ್ಕಕ್ಕೆ ಹೋಗುತ್ತೆ, ಬಲ ಅಲ್ಲೇ ನಿಲ್ಲುತ್ತೆ.

ಹಿಗ್ಗಿದ್ದು ಒಟ್ಟು 8.6 ಮಿಮೀ. ಅದರಲ್ಲಿ 2.6 ಒತ್ತಡದಲ್ಲಿ ಹೋಯ್ತು, ಉಳಿದ 6 ಮಿಮೀ ಬಾಗಿಗೆ. 6 ಮಿಮೀಗೆ ಮಧ್ಯದಲ್ಲಿ 120 ಮಿಮೀ ಬಾಗಬೇಕು. ನೀವು ನಾಲ್ಕು ಇಂಚಿಗೂ ಜಾಸ್ತಿ ಅಂದಿದ್ದು ಸರಿಯಾಗೇ ಇದೆ. ಅಷ್ಟು ಬಾಗಿದರೆ ಪೈಪಿನ ಹೊರಮೈ ಮಣಿದಿರುತ್ತೆ, ಅದಕ್ಕೇ ತಣ್ಣಗಾದರೂ ನೆಟ್ಟಗಾಗಲಿಲ್ಲ.

ಗಿರಣಿ_ಬಸವ

6 ಮಿಮೀಗೆ 120 ಅಂದ್ರೆ ನಂಬೋದು ಕಷ್ಟ ರೀ, ಆದರೆ ಕಣ್ಣಾರೆ ನೋಡಿದ್ದೀನಿ. ಆಮೇಲೆ ನಾವು ಎಲ್ ಆಕಾರದಲ್ಲಿ ತಿರುಗಿಸಿ, ಒಂದು ಕಡೆ ಮಾತ್ರ ಬಿಗಿದು, ಇನ್ನೊಂದು ಕಡೆ ಸುಮ್ನೆ ಯು ಬೋಲ್ಟ್‌ನಲ್ಲಿ ಕೂರಿಸಿದೆವು.

ಪವನ್_ಮೆಕ್

ಮೇಡಂ, ಇನ್ನೊಂದು ವಿಷಯ. ಹೀಟರ್ ಸ್ಥಿರವಾದ ಮೇಲೆ ಅರ್ಧ ಗಂಟೆ ಬಿಟ್ಟೆವು. ರಾಡಿನ ಐದೂ ಥರ್ಮೋಕಪಲ್ ಅಲ್ಲೇ ಇವೆ. ಆದರೆ ಲೋಡ್ 9.1ರಿಂದ 8.5ಕ್ಕೆ ಇಳಿಯಿತು.

ಶೈಲಾ_ಎಸ್

ಚಾನೆಲ್‌ಗಳ ಮೇಲೆ ಒಂದು ಥರ್ಮೋಕಪಲ್ ಅಂಟಿಸಿ. ಪ್ಲೇಟ್ ಮೂಲಕ ಬಿಸಿ ಹೋಗಿ ಅವೂ ಹಿಗ್ಗುತ್ತಿರಬೇಕು. ಚಾನೆಲ್ 3 ಡಿಗ್ರಿ ಬಿಸಿಯಾದರೆ ಗೋಡೆಗಳು 0.018 ಮಿಮೀ ದೂರ ಹೋಗುತ್ತವೆ. ನಿಮ್ಮ ರಿಗ್‌ನಲ್ಲಿ ಅದಕ್ಕೆ 0.6 ಕಿಲೋನ್ಯೂಟನ್.

ಕರಾವಳಿ_ವೆಲ್ಡರ್

ನನಗನ್ನಿಸೋದು ಲೋಡ್ ಸೆಲ್ಲೇ ಬಿಸಿಯಾಗಿದೆ ಅಂತ. ರಾಡಿನ ತುದಿ 53 ಡಿಗ್ರಿ, ಸೆಲ್ ಅದಕ್ಕೇ ಅಂಟಿಕೊಂಡಿದೆ. ಲೋಡ್ ಇಲ್ಲದೆ ಸೆಲ್ಲನ್ನು ಒಂದು ಬಿಸಿ ಪ್ಲೇಟ್ ಮೇಲೆ ಇಟ್ಟು ನೋಡಿ, ಸೊನ್ನೆ ಜಾರಿದರೆ ಅದೇ ಕಾರಣ.

ಶೈಲಾ_ಎಸ್

ಒಳ್ಳೇ ಪರೀಕ್ಷೆ, ಮಾಡಿ. ಜಾರುತ್ತೆ ಅಂತ ಸೆಲ್‌ಗೂ ರಾಡ್‌ಗೂ ನಡುವೆ ಮೈಕಾ, ಆಸ್ಬೆಸ್ಟಾಸ್ ಅಂತ ತುರುಕಬೇಡಿ. ಅದು ಮೆತ್ತಗೆ ಕೂತು ಇನ್ನೊಂದು ಸ್ಪ್ರಿಂಗ್ ಆಗುತ್ತೆ, ಮತ್ತೆ ಲೆಕ್ಕ ಕೆಡುತ್ತೆ.

ಪವನ್_ಮೆಕ್

ಚಾನೆಲ್ ನೋಡಿದೆವು, ಅರ್ಧ ಗಂಟೆಯಲ್ಲಿ ಒಂದು 2 ಡಿಗ್ರಿ, ಇನ್ನೊಂದು 3 ಡಿಗ್ರಿ ಏರಿದೆ. ಸೆಲ್ಲನ್ನು ಬಿಸಿ ಪ್ಲೇಟ್ ಮೇಲೆ ಇಟ್ಟಾಗಲೂ ಸೊನ್ನೆ ಸ್ವಲ್ಪ ಜಾರಿತು, ಆದರೆ ಒಂದು ಸಲ ಮೇಲಕ್ಕೆ, ಇನ್ನೊಂದು ಸಲ ಕೆಳಕ್ಕೆ. ಯಾವುದರ ಪಾಲು ಎಷ್ಟು ಅಂತ ಇನ್ನೂ ಬೇರೆ ಮಾಡೋಕೆ ಆಗಿಲ್ಲ. 20 ಮಿಮೀ ಪ್ಲೇಟ್ ಸೋಮವಾರ ಕಟಿಂಗ್‌ಗೆ ಕೊಡ್ತೀವಿ. ರಾಡ್ ಮಾತ್ರ ಅದೇ 500.