ಸಮಸ್ಯೆ: "ಮಾಮಯಂ ಪ್ರಹರಿಷ್ಯತಿ"

ಗುರುಲಘು: ಈ ವಾರದ ಪಾದ ಮೇಲಿದೆ. ಮೂಲ ಯಾವುದೆಂದು ಹೇಳಿದವರಿಗೆ ಒಂದು ಭೇಷ್ ಹೆಚ್ಚು.

ಕಾಡುಮಲ್ಲಿಗೆ:
ಅಜ್ಞಾತ್ವಾ ಶ್ಲೋಕಮೂಲಂ ಯೋ ವ್ಯಾಸ ಆಹೇತಿ ಜಲ್ಪತಿ |
ತಂ ದೃಷ್ಟ್ವಾ ಭಾರತಂ ಭೀತಂ ಮಾಮಯಂ ಪ್ರಹರಿಷ್ಯತಿ ||

ಗುರುಲಘು: ಭೇಷ್.

ತ್ರಿಪದಿ ತಿಮ್ಮ: 'ಇತಿ' ಎಲ್ಲಿ ಹೋಯಿತು?

ಕಾಡುಮಲ್ಲಿಗೆ: ಮೂಲದಲ್ಲೂ ಇಲ್ಲ ಸ್ವಾಮಿ. 'ಬಿಭೇತ್ಯಲ್ಪಶ್ರುತಾದ್ವೇದೋ ಮಾಮಯಂ ಪ್ರಹರಿಷ್ಯತಿ'. ತಕರಾರಿದ್ದರೆ ಮಹಾಭಾರತದ ಮೇಲೆ ಹಾಕಿ.

ತ್ರಿಪದಿ ತಿಮ್ಮ: ಪುಣೆಯ ಭಂಡಾರ್ಕರ್ ಪರಿಷ್ಕರಣದ ಪಠ್ಯದಲ್ಲಿ ಆ ಪಾದ ಹಾಕಿ ಹುಡುಕಿದೆ, ಸಿಗಲಿಲ್ಲ. ವಾಯುಪುರಾಣದಲ್ಲಿ ಸಿಕ್ಕಿತು. ಪುರಾಣದ್ದೇ, ಮುಗಿಯಿತು.

ಹಳೇಸಂಚಿ: ಮುಗಿಯಲಿಲ್ಲ ತಿಮ್ಮಣ್ಣ. ಭಂಡಾರ್ಕರ್ ಪಠ್ಯದ ಪಾಠ 'ಪ್ರತರಿಷ್ಯತಿ'. ಒಂದಕ್ಷರಕ್ಕೆ ಎಡವಿದಿರಿ. ಪಾಠಾಂತರವಿರುವ ಪದ ಹಿಡಿದು ಹುಡುಕಿದರೆ ಹೀಗೇ ಆಗುವುದು. ಬೇರೆ ಪಾದ ಹಾಕಿ, ಸಂಧಿ ಬಿಡಿಸದೆ: 'ಬಿಭೇತ್ಯಲ್ಪಶ್ರುತಾದ್ವೇದೋ'. ಆದಿಪರ್ವದ 1ನೇ ಅಧ್ಯಾಯ, 204ನೇ ಶ್ಲೋಕ. ಅದೂ ಸಿಗದಿದ್ದರೆ ಅಡಿಟಿಪ್ಪಣಿ ನೋಡಿ. ಸಂಪಾದಕರು ಕೈಬಿಟ್ಟ ಶ್ಲೋಕಗಳು ಅಲ್ಲಿ ಕೂತಿರುತ್ತವೆ.

ತ್ರಿಪದಿ ತಿಮ್ಮ: ಪ್ರತರಿಷ್ಯತಿ ಅಂದರೆ ಮೋಸಮಾಡುತ್ತಾನೆ ಅಂತಲೋ?

ಗುರುಲಘು: ಅದಕ್ಕೆ 'ಪ್ರತಾರಯಿಷ್ಯತಿ' ಆಗಬೇಕು. ಪಾದಕ್ಕೆ ಒಂಬತ್ತಕ್ಷರ ತುಂಬುತ್ತೀರಾ?

ನಂದಿನಿ: ಮದುವೆ ಪತ್ರಿಕೆಗೆ 'ಪರೋಪಕಾರಃ ಪುಣ್ಯಾಯ' ಹಾಕಬೇಕು. 18 ಪುರಾಣಗಳಲ್ಲಿ ಯಾವುದರದ್ದು?

ಹಳೇಸಂಚಿ: ಅಷ್ಟೂ ಪುರಾಣಗಳಲ್ಲಿ ವ್ಯಾಸನದು ಎರಡೇ ಮಾತು ಎಂದು ಲೆಕ್ಕ ಹೇಳುವವನು ಹೊರಗೆ ನಿಂತವನಮ್ಮ. 'ಸುಭಾಷಿತ' ಎಂದು ಹಾಕಿ ಸಾಕು.

ಕಾಡುಮಲ್ಲಿಗೆ: ಹಾಗಾದರೆ ಸಮಸ್ಯೆಯ ಶ್ಲೋಕ ಎರಡು ಕಡೆಯೂ ಇದೆ. ಯಾರದು?

ತ್ರಿಪದಿ ತಿಮ್ಮ: ಸಂಬೋಧನೆ ನೋಡಿದರೆ ಸಾಕು. 'ಭಾರತ' ಎಂದಿದ್ದರೆ ಮಹಾಭಾರತ.

ಹಳೇಸಂಚಿ: 'ತಸ್ಮಾದ್ಭಾರತ ಸರ್ವಾತ್ಮಾ' ಭಾಗವತದ್ದು, ಶುಕರು ಪರೀಕ್ಷಿತನನ್ನು ಕರೆಯುವುದು. ಇಲ್ಲಂತೂ ಸಂಬೋಧನೆಯೇ ಇಲ್ಲ, ನೆರೆಹೊರೆ ನೋಡಬೇಕು. ವಾಯುವಿನಲ್ಲಿ ಹಿಂದಿನ ಶ್ಲೋಕ: ನಾಲ್ಕು ವೇದ ಬಲ್ಲವನೂ 'ನ ಚೇತ್ಪುರಾಣಂ ಸಂವಿದ್ಯಾತ್', ಪುರಾಣ ತಿಳಿಯದಿದ್ದರೆ ಜಾಣನಲ್ಲ. ಅದೇ ಶ್ಲೋಕ ಆದಿಪರ್ವದ 2ನೇ ಅಧ್ಯಾಯದಲ್ಲೂ ಇದೆ, ಆದರೆ 'ನ ಚಾಖ್ಯಾನಮಿದಂ ವಿದ್ಯಾತ್'. ಸರಕು ಒಂದೇ, ಅಂಗಡಿಯ ಹೆಸರು ಬೇರೆ. ನಮ್ಮ ಶ್ಲೋಕದ ಬೆನ್ನಿಗೆ ಭಾರತದಲ್ಲಿ ಬರುವುದು 'ಕಾರ್ಷ್ಣಂ ವೇದಮಿಮಂ'. ಮುಂದೋ ಹಿಂದೋ ಒಂದು ಸಾಲು ಜೊತೆಗಿದ್ದರೆ ಯಾವ ಗ್ರಂಥದಿಂದ ಎತ್ತಿದ್ದೆಂದು ಹೇಳಬಹುದು.

ಕಾಡುಮಲ್ಲಿಗೆ: ಯಾರಿಂದ ಯಾರು ಎತ್ತಿದರು ಎಂಬುದು ಹಾಗೇ ಉಳಿಯಿತು.

ಹಳೇಸಂಚಿ: ಉಳಿಯಲಿ.

ತ್ರಿಪದಿ ತಿಮ್ಮ: ನನ್ನದು, ಪಾಠಾಂತರ ಸಹಿತ:
ಸರಾಮಲಕ್ಷ್ಮಣಂ ನಾವಿ ಸಸೀತಂ ಸಸ್ಮಿತಾನನಾ |
ಗಂಗಾ ವೀಕ್ಷ್ಯ ಗುಹಂ ಪ್ರಾಹ ಮಾಮಯಂ ಪ್ರತರಿಷ್ಯತಿ ||

ಗುರುಲಘು: ಹೂಂ. ಚೆನ್ನಾಗಿದೆ.

ಹಳೇಸಂಚಿ: ವಾಲ್ಮೀಕಿಯಲ್ಲಿ ಗುಹ ದಡದಲ್ಲೇ ಉಳಿಯುತ್ತಾನೆ, ದಾಟಿಸುವವರು ನಾವಿಕರು. ಇದು ಯಾವ ಪುರಾಣ ತಿಮ್ಮಣ್ಣ?