ಟ್ರಿಪ್ಟೊಫ್ಯಾನ್ ಕೊರತೆಗೆ ಲೀಡರ್ ಸ್ಪಂದಿಸುತ್ತಿಲ್ಲ: ತಪ್ಪು ಎಲ್ಲಿರಬಹುದು?

ಶಾರದಾ: ಎಲ್ಲರಿಗೂ ನಮಸ್ಕಾರ. ಇ. ಕೋಲಿಯ ಟ್ರಿಪ್ಟೊಫ್ಯಾನ್ ಒಪೆರಾನಿನ ಲೀಡರ್ ಭಾಗವನ್ನು ಲ್ಯಾಕ್-ಝಡ್ ಜೀನಿಗೆ ಜೋಡಿಸಿ, ಅಮೈನೊ ಆಮ್ಲದ ಕೊರತೆಯಾದಾಗ ಅಟೆನ್ಯುಯೇಷನ್ ಸಡಿಲಗೊಳ್ಳುವುದನ್ನು ಅಳೆಯಲು ಹೊರಟಿದ್ದೇನೆ. ನನ್ನ ತಳಿಗೆ ಟ್ರಿಪ್ಟೊಫ್ಯಾನನ್ನು ತಯಾರಿಸಿಕೊಳ್ಳಲು ಬರುವುದಿಲ್ಲ. ರಿಪ್ರೆಸರ್ ಜೀನನ್ನೂ ಅದರ ಸ್ವಂತ ಲ್ಯಾಕ್-ಝಡ್ ಜೀನನ್ನೂ ತೆಗೆದುಹಾಕಲಾಗಿದೆ. ಟ್ರಿಪ್ಟೊಫ್ಯಾನ್ ಹಾಕಿದ ಫ್ಲಾಸ್ಕಿನಲ್ಲಿ ಸುಮಾರು 900 ಮಿಲ್ಲರ್ ಯೂನಿಟ್ ಬಂದರೆ, ಹಾಕದ ಫ್ಲಾಸ್ಕಿನಲ್ಲಿ ಏರುವ ಬದಲು 850ರ ಆಸುಪಾಸಿಗೆ ಇಳಿಯುತ್ತದೆ. ಮೂರು ಬಾರಿ ಮಾಡಿದರೂ ಇದೇ ಫಲಿತಾಂಶ. ಸೀಕ್ವೆನ್ಸಿಂಗ್ ಮಾಡಿಸಿ ನೋಡಿದೆ, ಲೀಡರ್ ಪೆಪ್ಟೈಡಿನ ಸಂಕೇತ ಸರಿಯಾಗಿಯೇ ಇದೆ:

```
AUG AAA GCA AUU UUC GUA CUG AAA GGU UGG UGG CGC ACU UCC UGA
```

ನಾಗೇಂದ್ರ: ರಿಪ್ರೆಸರ್ ಜೀನನ್ನೇ ತೆಗೆದುಹಾಕಿದ ಮೇಲೆ ನಿಯಂತ್ರಣ ಕಾಣದಿರುವುದು ಸಹಜವಲ್ಲವೇ? ಇಂಡೋಲ್ ಅಕ್ರಿಲಿಕ್ ಆಮ್ಲವನ್ನು ಸ್ವಲ್ಪ ಹಾಕಿ ನೋಡಿ. ನಮ್ಮಲ್ಲಿ ಅದನ್ನು ಹಾಕಿದ ಕೂಡಲೇ ಒಪೆರಾನ್ ತೆರೆದುಕೊಳ್ಳುತ್ತದೆ.

ರೇಖಾ: ಮಾಧ್ಯಮಕ್ಕೆ ಬೇರೆ ಅಮೈನೊ ಆಮ್ಲಗಳನ್ನು ಯಾವ ರೂಪದಲ್ಲಿ ಕೊಡುತ್ತಿದ್ದೀರಿ? ಟ್ರಿಪ್ಟೋನಿನಲ್ಲಿ ಟ್ರಿಪ್ಟೊಫ್ಯಾನ್ ಉಳಿದಿರುತ್ತದೆ. ಅದನ್ನು ಬಳಸಿದ್ದರೆ ಕೊರತೆಯೇ ಆಗಿರುವುದಿಲ್ಲ.

ಶಾರದಾ: ಆಮ್ಲದಿಂದ ಒಡೆದ ಕೇಸಿನ್ ಬಳಸಿದ್ದೇನೆ, ರೇಖಾ ಅವರೇ. ಆ ಕ್ರಿಯೆಯಲ್ಲಿ ಟ್ರಿಪ್ಟೊಫ್ಯಾನ್ ನಾಶವಾಗಿಬಿಡುತ್ತದೆ. ಅದು ಸಿಗದ ಫ್ಲಾಸ್ಕಿನಲ್ಲಿ ಬೆಳವಣಿಗೆ ಪೂರ್ತಿ ನಿಂತಿದೆ, ಆದ್ದರಿಂದ ಕೊರತೆಯ ಬಗ್ಗೆ ನನಗೆ ಅನುಮಾನವಿಲ್ಲ.

ಅನಂತಯ್ಯ: ನಾಗೇಂದ್ರ ಅವರು ಹೇಳಿದ್ದರಲ್ಲಿ ಅರ್ಧ ಸರಿ. ಇಂಡೋಲ್ ಅಕ್ರಿಲಿಕ್ ಆಮ್ಲ ರಿಪ್ರೆಸರನ್ನು ಸುಮ್ಮನಾಗಿಸುವುದು ನಿಜ, ಟಿಆರ್‌ಎನ್‌ಎಗೆ ಟ್ರಿಪ್ಟೊಫ್ಯಾನ್ ಜೋಡಣೆಯಾಗುವುದನ್ನು ಅದು ತಡೆಯುವುದೂ ನಿಜ. ಆದರೆ ಅಟೆನ್ಯುಯೇಷನ್ನಿಗೆ ರಿಪ್ರೆಸರಿನ ಹಂಗಿಲ್ಲ. ಚಾರ್ಲ್ಸ್ ಯಾನೋಫ್ಸ್ಕಿ ಅವರ ಗುಂಪಿಗೆ ಇದರ ಸುಳಿವು ಸಿಕ್ಕಿದ್ದೇ, ರಿಪ್ರೆಸರ್ ಇಲ್ಲದ ತಳಿಯಲ್ಲೂ ಟ್ರಿಪ್ಟೊಫ್ಯಾನ್ ಕೊರತೆಯಾದಾಗ ಒಪೆರಾನಿನ ಉತ್ಪಾದನೆ ಇನ್ನಷ್ಟು ಏರಿದ್ದರಿಂದ. ಶಾರದಾ ಅವರೇ, ನೀವು ಒಂದು ವಿಷಯ ಬರೆದಿಲ್ಲ: ಲೀಡರಿನ ಹಿಂದೆ ಯಾವ ಪ್ರೊಮೋಟರ್ ಇಟ್ಟಿದ್ದೀರಿ?

ಶಾರದಾ: ಟಿ7 ಪ್ರೊಮೋಟರ್. ಸಿಗ್ನಲ್ ಜೋರಾಗಿ ಸಿಗಲಿ ಎಂದು ಅದನ್ನು ಆರಿಸಿಕೊಂಡೆ.

ಅನಂತಯ್ಯ: ಹಾಗಾದರೆ ಮೊದಲ ತೊಡಕು ಅಲ್ಲೇ ಇದೆ.

ನೀವು ಮೇಲೆ ಹಾಕಿರುವ ಸಾಲಿನ ಹತ್ತು ಮತ್ತು ಹನ್ನೊಂದನೆಯ ಕೋಡಾನುಗಳನ್ನು ನೋಡಿ. ಅಕ್ಕಪಕ್ಕದಲ್ಲೇ ಎರಡು UGG, ಎರಡೂ ಟ್ರಿಪ್ಟೊಫ್ಯಾನಿಗೆ. ಇವು ಲೀಡರಿನ ಒಂದನೆಯ ತುಣುಕಿನಲ್ಲಿವೆ. ಅದರ ಮುಂದಿನ ಎರಡು, ಮೂರು, ನಾಲ್ಕನೆಯ ತುಣುಕುಗಳಲ್ಲಿ ಎರಡು ಮೂರರೊಂದಿಗೂ ಮಡಚಿಕೊಳ್ಳಬಲ್ಲದು, ಮೂರು ನಾಲ್ಕರೊಂದಿಗೂ ಮಡಚಿಕೊಳ್ಳಬಲ್ಲದು. ಮೂರು ನಾಲ್ಕು ಕೂಡಿದರೆ ಟರ್ಮಿನೇಟರ್ ಆಗಿ, ಸುಮಾರು 140ನೆಯ ನ್ಯೂಕ್ಲಿಯೋಟೈಡಿನ ಬಳಿ ಪಾಲಿಮರೇಸ್ ಕಳಚಿಕೊಳ್ಳುತ್ತದೆ. ಟಿಆರ್‌ಎನ್‌ಎ ಸಾಕಷ್ಟಿದ್ದಾಗ ರೈಬೋಸೋಮ್ ಎಡವದೆ UGA ತನಕ ಬಂದು ಎರಡನೆಯ ತುಣುಕಿನ ಮೇಲೆ ಕೂರುತ್ತದೆ, ಮೂರು ನಾಲ್ಕು ಕೂಡುತ್ತವೆ. ಕೊರತೆಯಾದಾಗ ಅದು UGG ಮೇಲೆಯೇ ಸಿಕ್ಕಿಕೊಳ್ಳುವುದರಿಂದ ಎರಡನೆಯದು ಬಿಡುವಾಗಿ ಮೂರನ್ನು ಹಿಡಿದುಬಿಡುತ್ತದೆ, ಟರ್ಮಿನೇಟರ್ ಕಟ್ಟಿಕೊಳ್ಳುವುದೇ ಇಲ್ಲ.

ಇಷ್ಟು ನಿಮಗೂ ಗೊತ್ತಿರುವುದೇ. ನಾಲ್ಕನೆಯ ತುಣುಕು ಹೊರಬರುವಷ್ಟರಲ್ಲಿ ರೈಬೋಸೋಮ್ ತನ್ನ ಜಾಗದಲ್ಲಿ ಇರಲೇಬೇಕು ಎಂಬುದು ಮಾತ್ರ ಸುಲಭವಾಗಿ ಮರೆತುಹೋಗುತ್ತದೆ. ಇ. ಕೋಲಿಯ ಪಾಲಿಮರೇಸ್ ಇದಕ್ಕೆ ತಾನೇ ಸಮಯ ಮಾಡಿಕೊಡುತ್ತದೆ: ಒಂದು ಮತ್ತು ಎರಡನೆಯ ತುಣುಕುಗಳು ಮಡಚಿಕೊಂಡೊಡನೆ ಸುಮಾರು 90ನೆಯ ನ್ಯೂಕ್ಲಿಯೋಟೈಡ್ ದಾಟಿದಲ್ಲಿ ಅದು ತಡೆದು ನಿಲ್ಲುತ್ತದೆ, ಹಿಂದಿನಿಂದ ಬರುವ ರೈಬೋಸೋಮ್ ಅದನ್ನು ಬಿಡಿಸಿದ ಮೇಲೆ ಎರಡೂ ಜೊತೆಯಾಗಿ ಸಾಗುತ್ತವೆ. ಅದರ ವೇಗ ಸೆಕೆಂಡಿಗೆ ಸುಮಾರು 40ರಿಂದ 50 ನ್ಯೂಕ್ಲಿಯೋಟೈಡ್, ರೈಬೋಸೋಮಿನದೂ ಹೆಚ್ಚುಕಡಿಮೆ ಅಷ್ಟೇ. ಟಿ7 ಪಾಲಿಮರೇಸ್ ಸೆಕೆಂಡಿಗೆ 200ರ ಮೇಲೆ ಓಡುತ್ತದೆ. ಇಡೀ ಲೀಡರನ್ನು ಅದು ಒಂದು ಸೆಕೆಂಡಿನೊಳಗೆ ದಾಟಿ ಹೋಗಿರುತ್ತದೆ. ರೈಬೋಸೋಮ್ ಎಲ್ಲಿ ಸಿಕ್ಕಿಕೊಂಡರೂ ಆ ಸುದ್ದಿ ತಲುಪುವ ಹೊತ್ತಿಗೆ ತೀರ್ಮಾನ ಆಗಿಹೋಗಿರುತ್ತದೆ. ಬ್ಯಾಕ್ಟೀರಿಯಾದ ಎಷ್ಟೋ ಟರ್ಮಿನೇಟರುಗಳನ್ನು ಟಿ7 ಲೆಕ್ಕಕ್ಕೇ ಇಟ್ಟುಕೊಳ್ಳುವುದಿಲ್ಲ ಎಂಬುದು ಬೇರೆ ಮಾತು.

ಮಂಜು: ನಾನು ಬ್ಯಾಸಿಲಸ್ ಸಬ್ಟಿಲಿಸ್‌ನಲ್ಲಿ ಇದೇ ಒಪೆರಾನಿನ ಮೇಲೆ ಕೆಲಸ ಮಾಡುತ್ತೇನೆ. ಅಲ್ಲಿ ರೈಬೋಸೋಮಿನ ಪ್ರಶ್ನೆಯೇ ಇಲ್ಲ. ಪ್ರೋಟೀನ್ ಬಂದು ಆರ್‌ಎನ್‌ಎಗೆ ಸುತ್ತಿಕೊಳ್ಳುತ್ತದೆ, ಅಷ್ಟೇ. ಪ್ರೊಮೋಟರ್ ಬದಲಾಯಿಸುವ ಬದಲು ಆ ಪ್ರೋಟೀನಿನ ಪ್ರಮಾಣವನ್ನು ನೋಡಬಾರದೇ?

ಅನಂತಯ್ಯ: ಮಂಜು, ನೀವು ಹೇಳುತ್ತಿರುವುದು ಟ್ರ್ಯಾಪ್ ಪ್ರೋಟೀನ್. ಹನ್ನೊಂದು ಘಟಕಗಳ ಆ ಉಂಗುರ ಬಿಡಿ ಟ್ರಿಪ್ಟೊಫ್ಯಾನನ್ನೇ ನೇರವಾಗಿ ಹಿಡಿದುಕೊಳ್ಳುತ್ತದೆ. ಇ. ಕೋಲಿಯಲ್ಲಿ ಅದು ಇಲ್ಲ. ಇಲ್ಲಿ ಅಳತೆಯಾಗುವುದು ಟ್ರಿಪ್ಟೊಫ್ಯಾನ್ ಹೊತ್ತ ಟಿಆರ್‌ಎನ್‌ಎ ಎಷ್ಟಿದೆ ಎಂಬುದು. ಒಪೆರಾನಿನ ಹೆಸರು ಒಂದೇ ಆದರೂ ದಾರಿಗಳು ಬೇರೆ.

ಶಾರದಾ: ಎರಡು ವಾರಗಳ ನಂತರ ಮತ್ತೆ ಬರೆಯುತ್ತಿದ್ದೇನೆ. ಒಪೆರಾನಿನ ಸ್ವಂತ ಪ್ರೊಮೋಟರನ್ನು ಹಾಕಿದೆ. ಹೋಲಿಕೆಗೆಂದು ಲೀಡರಿನ AUGಯನ್ನು AUA ಮಾಡಿದ ಇನ್ನೊಂದು ಪ್ಲಾಸ್ಮಿಡನ್ನೂ ಕಟ್ಟಿದೆ. ಟ್ರಿಪ್ಟೊಫ್ಯಾನ್ ಇರುವಾಗ ಆ ಎರಡನೆಯದರ ರೀಡಿಂಗ್ ಮೂಲದ್ದಕ್ಕಿಂತ ಸ್ಪಷ್ಟವಾಗಿ ಕಡಿಮೆ, ಅಂದರೆ ಲೀಡರ್ ಈಗ ಕೆಲಸ ಮಾಡುತ್ತಿದೆ ಎಂದುಕೊಂಡೆ. ಆದರೆ ಕೊರತೆಯ ಫ್ಲಾಸ್ಕಿನಲ್ಲಿ ಮೂಲದ ರೀಡಿಂಗ್ ಈಗಲೂ ಏರುತ್ತಿಲ್ಲ.

ಅನಂತಯ್ಯ: ನಿಮ್ಮ ಆ ಹೋಲಿಕೆ ಚೆನ್ನಾಗಿದೆ. ಅನುವಾದವೇ ಆರಂಭವಾಗದಿದ್ದರೆ ಒಂದು ಎರಡರೊಂದಿಗೂ ಮೂರು ನಾಲ್ಕರೊಂದಿಗೂ ನೆಮ್ಮದಿಯಾಗಿ ಕೂಡಿಕೊಳ್ಳುತ್ತವೆ, ಆದ್ದರಿಂದ ಸಾಮಾನ್ಯಕ್ಕಿಂತಲೂ ಹೆಚ್ಚು ನಿಲುಗಡೆಯಾಗುತ್ತದೆ. ಇನ್ನು ಏರದಿರುವ ವಿಷಯ. ಮೊದಲ ದಿನವೇ ನಿಮ್ಮ ರೀಡಿಂಗ್ ತುಸು ಇಳಿದಿತ್ತು. ಅದನ್ನು ನಾನೂ ಗಮನಿಸದೆ ಬಿಟ್ಟೆ. ಬೀಟಾ-ಗ್ಯಾಲಕ್ಟೊಸಿಡೇಸಿನ ಒಂದೊಂದು ಸರಪಳಿಗೂ 39 ಟ್ರಿಪ್ಟೊಫ್ಯಾನ್ ಬೇಕು. ಪೂರ್ತಿ ಕೊರತೆಯಲ್ಲಿ ಆರ್‌ಎನ್‌ಎ ಎಷ್ಟೇ ತಯಾರಾದರೂ ಪ್ರೋಟೀನ್ ಮುಗಿಯುವುದು ಹೇಗೆ? ಈ ಒಪೆರಾನಿನದೇ ಕೊನೆಯ ಜೀನಿನ ಪ್ರೋಟೀನಿನಲ್ಲಿ ಒಂದೂ ಟ್ರಿಪ್ಟೊಫ್ಯಾನ್ ಇಲ್ಲ ಎಂಬುದನ್ನು ನೆನೆದರೆ ಜೀವಕೋಶ ನಮಗಿಂತ ಜಾಣ ಎನ್ನಿಸುತ್ತದೆ.

ಆದ್ದರಿಂದ ಕಿಣ್ವವನ್ನು ಬಿಟ್ಟು ಆರ್‌ಎನ್‌ಎಯನ್ನೇ ಅಳೆಯಿರಿ. ಒಂದು ಪ್ರೈಮರ್ ಜೋಡಿ ಟರ್ಮಿನೇಟರಿಗಿಂತ ಮೊದಲಿನ ಭಾಗಕ್ಕೆ, ಇನ್ನೊಂದು ಲ್ಯಾಕ್-ಝಡ್ ಒಳಗೆ. ಎರಡರ ಅನುಪಾತವೇ ಟರ್ಮಿನೇಟರನ್ನು ದಾಟಿದವುಗಳ ಪಾಲು. ಪ್ರೊಮೋಟರಿನ ಏರಿಳಿತ ಎರಡಕ್ಕೂ ಸಮನಾಗಿ ತಟ್ಟುವುದರಿಂದ ಅದು ಲೆಕ್ಕದಿಂದ ಬಿದ್ದುಹೋಗುತ್ತದೆ.

ನಾಗೇಂದ್ರ: ಪೂರ್ತಿ ಕೊರತೆಗೆ ಬದಲಾಗಿ ನಾನು ಹೇಳಿದ ಆಮ್ಲವನ್ನೇ ಕಡಿಮೆ ಪ್ರಮಾಣದಲ್ಲಿ ಬಳಸಿದರೆ ಕೋಶಗಳು ನಿಧಾನವಾಗಿ ಬೆಳೆಯುತ್ತಲೇ ಇರುತ್ತವಲ್ಲ?

ಅನಂತಯ್ಯ: ಹೌದು, ಅದಕ್ಕೆ ನನ್ನ ಒಪ್ಪಿಗೆ ಇದೆ. ಅಂಥ ಹದವಾದ ಕೊರತೆಯಲ್ಲಿ ಕಿಣ್ವದ ರೀಡಿಂಗೂ ಸ್ವಲ್ಪಮಟ್ಟಿಗೆ ಅರ್ಥ ಕೊಡುತ್ತದೆ.

ಶಾರದಾ: ಆರ್‌ಎನ್‌ಎ ಅಳೆದಾಯಿತು. ಕೊರತೆಯಲ್ಲಿ ಅನುಪಾತ ಸುಮಾರು 4 ಪಟ್ಟು ಏರಿದೆ, AUA ಪ್ಲಾಸ್ಮಿಡಿನಲ್ಲಿ ಕದಲಿಲ್ಲ. ಅಟೆನ್ಯುಯೇಷನ್ನಿನ ವ್ಯಾಪ್ತಿ 8ರಿಂದ 10 ಪಟ್ಟು ಎಂದು ಓದಿದ್ದೆ. ಉಳಿದದ್ದು ಎಲ್ಲಿ ಹೋಯಿತು?

ರೇಖಾ: ಟರ್ಮಿನೇಟರಿನಲ್ಲಿ ನಿಂತ ಗಿಡ್ಡ ಆರ್‌ಎನ್‌ಎ ಮತ್ತು ಮುಂದೆ ಸಾಗಿದ ಉದ್ದನೆಯದು ಒಂದೇ ವೇಗದಲ್ಲಿ ಕರಗುತ್ತವೆ ಎಂದು ಈ ಅನುಪಾತ ಊಹಿಸಿಕೊಂಡಿದೆ. ಕೊರತೆಯಲ್ಲಿ ಲ್ಯಾಕ್-ಝಡ್ ಆರ್‌ಎನ್‌ಎಯ ಮೇಲೆ ರೈಬೋಸೋಮುಗಳು ಅಲ್ಲಲ್ಲಿ ನಿಂತಿರುವಾಗ ಆ ಊಹೆ ನಿಲ್ಲುತ್ತದೆಯೇ ಎಂಬ ಅನುಮಾನ ನನಗಿದೆ.

ಅನಂತಯ್ಯ: ಇರಬಹುದು. ಪ್ಲಾಸ್ಮಿಡಿನ ಪ್ರತಿಗಳು ಹೆಚ್ಚಾದದ್ದೂ ಕಾರಣವಿರಬಹುದು. ಲೀಡರನ್ನು ಕ್ರೋಮೊಸೋಮಿನಲ್ಲಿ ಒಂದೇ ಪ್ರತಿಯಾಗಿ ಸೇರಿಸಿ ಅಳೆಯಿರಿ, ಜೊತೆಗೆ ರಿಫಾಂಪಿಸಿನ್ ಹಾಕಿ ಎರಡೂ ಆರ್‌ಎನ್‌ಎಗಳು ಕರಗುವ ವೇಗವನ್ನು ನೋಡಿ. ಯಾವುದು ಎಂದು ಈಗಲೇ ಹೇಳುವ ಧೈರ್ಯ ನನಗಿಲ್ಲ.

ಶಾರದಾ: ರಿಫಾಂಪಿಸಿನ್ ಪ್ರಯೋಗವನ್ನು ಮೊದಲು ಮಾಡುತ್ತೇನೆ. ರೀಡಿಂಗ್ ಬಂದ ಮೇಲೆ ಇಲ್ಲಿಯೇ ಹಾಕುತ್ತೇನೆ.