ಕೊನೆಯ ಎರಡು ಆಯ್ಕೆಗಳ ನಡುವೆ

"ಚಿಕ್ಕಮ್ಮ, ಯುಪಿಎಸ್‌ಸಿ ಪ್ರಿಲಿಮ್ಸ್‌ನ ಸಿಸ್ಯಾಟ್ ಪತ್ರಿಕೆಯ ಅಣಕು ಪರೀಕ್ಷೆಯಲ್ಲಿ ಗಣಿತ ಪರವಾಗಿಲ್ಲ. ಗದ್ಯಭಾಗದಿಂದ ತೀರ್ಮಾನ ತೆಗೆಯುವ ಇನ್‌ಫರೆನ್ಸ್ ಪ್ರಶ್ನೆಗಳಲ್ಲಿ ಮಾತ್ರ ಪ್ರತಿ ಸಲ ಎರಡು ಆಯ್ಕೆ ಉಳಿದುಬಿಡುತ್ತವೆ, ಅಲ್ಲಿಯೇ ಮೂರು ನಿಮಿಷ ಹೋಗುತ್ತದೆ. ಕೊನೆಗೆ ತಪ್ಪನ್ನೇ ಗುರುತು ಮಾಡಿರುತ್ತೇನೆ. ಏನು ಮಾಡಲಿ?"

ಪುಟ್ಟಿ, ಇದನ್ನು ಗುಂಪಿನಲ್ಲಿಯೇ ಹೇಳುತ್ತೇನೆ. ಬ್ಯಾಂಕ್ ಪರೀಕ್ಷೆಗೆ ಓದುತ್ತಿರುವ ನಿನ್ನ ತಮ್ಮನಿಗೂ ಬೇಕಾಗುತ್ತದೆ. ಸ್ವಲ್ಪ ಉದ್ದವಾಗುತ್ತದೆ, ಬಿಡುವಾದಾಗ ಕೇಳು. ಮಧ್ಯದಲ್ಲಿ ಒಂದು ಗದ್ಯಭಾಗ ಬರುತ್ತದೆ, ಆಗ ಪೆನ್ನು ಹಿಡಿದು ಕುಳಿತಿರು.

ಎರಡು ಆಯ್ಕೆ ಉಳಿಯುತ್ತವೆ ಎಂದರೆ ಓದುವುದು ನಿನಗೆ ಬರುತ್ತದೆ ಎಂದೇ ಅರ್ಥ. ಉಳಿದೆರಡನ್ನು ನೀನೇ ಅಲ್ಲವೇ ತೆಗೆದುಹಾಕಿದ್ದು? ತೊಂದರೆ ಅದರ ನಂತರ ಶುರುವಾಗುತ್ತದೆ. ಆ ಎರಡರಲ್ಲಿ ಯಾವುದು ಹೆಚ್ಚು ಸರಿ ಎಂದು ಕೇಳಿಕೊಳ್ಳುತ್ತಿದ್ದೀಯೆ. ಆ ಪ್ರಶ್ನೆಗೆ ಉತ್ತರ ಬೇಗ ಸಿಗುವುದಿಲ್ಲ, ಏಕೆಂದರೆ ಎರಡೂ ಸರಿ ಎಂದೇ ತೋರುವ ಹಾಗೆ ಅವುಗಳನ್ನು ಬರೆದಿರುತ್ತಾರೆ. ಕೇಳಬೇಕಾದ ಪ್ರಶ್ನೆ ಬೇರೆ: ಗದ್ಯಭಾಗದಲ್ಲಿರುವುದೆಲ್ಲ ನಿಜವಾಗಿದ್ದೂ ಈ ಆಯ್ಕೆ ಸುಳ್ಳಾಗಿರಲು ಸಾಧ್ಯವೇ? ಸಾಧ್ಯ ಎಂದಾದರೆ ಅದು ಇನ್‌ಫರೆನ್ಸ್ ಅಲ್ಲ. ಎಷ್ಟೇ ಒಳ್ಳೆಯ ಮಾತಾಗಿದ್ದರೂ ಅಲ್ಲ.

ಒಂದು ಗದ್ಯಭಾಗ ಹೇಳುತ್ತೇನೆ. ಸಿಸ್ಯಾಟಿನ ಧಾಟಿಯಲ್ಲಿಯೇ ಇದೆ, ಸ್ವಲ್ಪ ಚಿಕ್ಕದು. ಬರೆದುಕೋ.

"ಹನಿ ನೀರಾವರಿ ಬಂದ ಹಲವು ಪ್ರದೇಶಗಳಲ್ಲಿ ಎಕರೆಗೆ ಬಳಕೆಯಾಗುವ ನೀರು ಕಡಿಮೆಯಾಯಿತು. ಆದರೆ ಉಳಿದ ನೀರಿನಲ್ಲಿ ರೈತರು ಇನ್ನಷ್ಟು ಜಮೀನನ್ನು ನೀರಾವರಿಗೆ ತಂದರು, ಕೆಲವರು ಹೆಚ್ಚು ನೀರು ಬೇಡುವ ಬೆಳೆಗೆ ಹೊರಳಿದರು. ಹೀಗಾಗಿ ಕೆಲವು ಕಡೆ ಅಂತರ್ಜಲದ ಒಟ್ಟು ಬಳಕೆ ಇಳಿಯಲೇ ಇಲ್ಲ. ನೀರೆತ್ತುವುದಕ್ಕೆ ಮಿತಿ ಇಲ್ಲದಿದ್ದರೆ ಹನಿ ನೀರಾವರಿಗೆ ಕೊಡುವ ಸಹಾಯಧನ ತನ್ನ ಉದ್ದೇಶವನ್ನು ಈಡೇರಿಸದು."

ಈಗ ಆಯ್ಕೆಗಳು. ಮೊದಲನೆಯದು: ಹನಿ ನೀರಾವರಿಗೆ ಸಹಾಯಧನ ಕೊಡುವುದನ್ನು ನಿಲ್ಲಿಸಬೇಕು. ಎರಡನೆಯದು: ಹನಿ ನೀರಾವರಿಯಿಂದ ಇಳುವರಿ ಹೆಚ್ಚುತ್ತದೆ. ಮೂರನೆಯದು: ನೀರೆತ್ತುವುದಕ್ಕೆ ಮಿತಿ ಹಾಕಿದರೆ ಸಹಾಯಧನದ ಉದ್ದೇಶ ಈಡೇರುತ್ತದೆ. ನಾಲ್ಕನೆಯದು: ಎಕರೆಗೆ ಬಳಸುವ ನೀರು ಕಡಿಮೆಯಾದ ಮಾತ್ರಕ್ಕೆ ಒಟ್ಟು ಬಳಕೆ ಕಡಿಮೆಯಾಗುತ್ತದೆ ಎನ್ನಲಾಗದು.

ಮೊದಲನೆಯದನ್ನು ಸುಳ್ಳು ಮಾಡಲು ನೋಡು. ಮಿತಿಯನ್ನೂ ಹಾಕಿ, ಸಹಾಯಧನವನ್ನೂ ಮುಂದುವರಿಸಿದರೆ ಗದ್ಯಭಾಗದ ಯಾವ ವಾಕ್ಯಕ್ಕೂ ಧಕ್ಕೆಯಿಲ್ಲ. ಹಾಗಾಗಿ ಅದು ಹೋಯಿತು. ಎರಡನೆಯದು ನಮ್ಮ ಮನೆಯವರಿಗೆಲ್ಲ ಗೊತ್ತಿರುವ ಮಾತು. ನಿನ್ನ ತಾತ ತೋಟದಲ್ಲಿ ಕಣ್ಣಾರೆ ಕಂಡದ್ದು. ಆದರೆ ಗದ್ಯಭಾಗದಲ್ಲಿ ಇಳುವರಿಯ ಸುದ್ದಿಯೇ ಇಲ್ಲ. ಹೊರಗಿನ ತಿಳಿವಳಿಕೆಯನ್ನು ಒಳಗೆ ತಂದುಕೊಂಡರೆ ಇಲ್ಲಿಯೇ ಅಂಕ ಹೋಗುವುದು. ಹಳ್ಳಿಯಿಂದ ಬಂದ ನಮ್ಮ ಮಕ್ಕಳು ಕೃಷಿ, ನೀರು, ಕಾಡು ಎಂದಾಗ ಈ ಬಲೆಗೆ ಹೆಚ್ಚು ಬೀಳುತ್ತಾರೆ, ವಿಷಯ ಗೊತ್ತಿದೆ ಎಂಬ ಕಾರಣಕ್ಕೇ.

ಉಳಿದದ್ದು ಮೂರು ಮತ್ತು ನಾಲ್ಕು. ನಿನ್ನ ಮೂರು ನಿಮಿಷ ಹೋಗುವುದು ಇಲ್ಲಿ. ಮೂರನೆಯದನ್ನು ಓದು, ಗದ್ಯಭಾಗದ ಕೊನೆಯ ವಾಕ್ಯವನ್ನು ಓದು. ಪದಗಳೆಲ್ಲ ಅವೇ: ಮಿತಿ, ಸಹಾಯಧನ, ಉದ್ದೇಶ, ಈಡೇರುವುದು. ಅದಕ್ಕೇ ಕಣ್ಣು ಅಲ್ಲಿ ಹೋಗಿ ನಿಲ್ಲುತ್ತದೆ. ಆದರೆ ಗದ್ಯಭಾಗ ಹೇಳುವುದು ಮಿತಿ ಇಲ್ಲದಿದ್ದರೆ ಆಗದು ಎಂದು ಮಾತ್ರ. ಮಿತಿಯೊಂದಿದ್ದರೆ ಸಾಕು, ಆಗಿಯೇ ಆಗುತ್ತದೆ ಎಂದು ಎಲ್ಲಿಯೂ ಹೇಳಿಲ್ಲ. ಹಾಲ್ ಟಿಕೆಟ್ ಇಲ್ಲದಿದ್ದರೆ ಪರೀಕ್ಷೆಗೆ ಕೂರಿಸುವುದಿಲ್ಲ, ಹಾಗೆಂದು ಹಾಲ್ ಟಿಕೆಟ್ ಇದ್ದವರೆಲ್ಲ ಪಾಸಾಗುವುದಿಲ್ಲವಲ್ಲ. ಸುಳ್ಳು ಮಾಡಿಯೂ ನೋಡು: ಮಿತಿಯೇನೋ ಹಾಕಿದರು, ಆದರೆ ಅದನ್ನು ಯಾರೂ ಜಾರಿ ಮಾಡಲಿಲ್ಲ. ಅಥವಾ ಡ್ರಿಪ್ ಪೈಪಿನ ರಂಧ್ರಗಳಲ್ಲಿ ಉಪ್ಪು ಕಟ್ಟಿ ರೈತ ಮತ್ತೆ ನೀರು ಹಾಯಿಸುವುದಕ್ಕೆ ಮರಳಿದ. ಗದ್ಯಭಾಗ ಹಾಗೇ ನಿಂತಿದೆ, ಮೂರನೆಯ ಆಯ್ಕೆ ಬಿದ್ದಿದೆ. ನಾಲ್ಕನೆಯದನ್ನು ಬೀಳಿಸಲು ನೋಡು, ಆಗುವುದಿಲ್ಲ. ಎಕರೆಗೆ ನೀರು ಇಳಿದೂ ಒಟ್ಟು ಬಳಕೆ ಇಳಿಯದ ಜಾಗಗಳಿವೆ ಎಂದು ಗದ್ಯಭಾಗವೇ ಹೇಳಿದೆಯಲ್ಲ. ನಾಲ್ಕನೆಯ ಆಯ್ಕೆ ಸಪ್ಪೆಯಾಗಿದೆ, ಹೊಸದೇನೂ ಹೇಳುವುದಿಲ್ಲ ಎಂದು ನಿನಗೆ ಅನಿಸಬಹುದು. ಸರಿಯುತ್ತರ ಬಹಳ ಸಲ ಹಾಗೆಯೇ ಇರುತ್ತದೆ.

ಈ "ಇಲ್ಲದಿದ್ದರೆ ಆಗದು" ಎಂಬುದನ್ನು "ಇದ್ದರೆ ಆಗುತ್ತದೆ" ಎಂದು ತಿರುಗಿಸುವುದು ಒಂದೇ ಬಲೆಯಲ್ಲ. ಗದ್ಯಭಾಗ "ಕೆಲವು ಕಡೆ" ಎಂದಿದ್ದರೆ ಆಯ್ಕೆಯಲ್ಲಿ "ಎಲ್ಲ ಕಡೆ" ಎಂದಿರುತ್ತದೆ. ಎರಡು ಸಂಗತಿ ಒಟ್ಟಿಗೆ ನಡೆದವು ಎಂದಿದ್ದರೆ ಒಂದರಿಂದಲೇ ಇನ್ನೊಂದು ಆಯಿತು ಎಂದಿರುತ್ತದೆ. ಆದರೆ ಕೋಚಿಂಗ್‌ನವರು ಹೇಳಿಕೊಡುವ ಹಾಗೆ "ಮಾತ್ರ", "ಎಲ್ಲ", "ಎಂದಿಗೂ" ಎಂಬ ಪದ ಕಂಡ ಕೂಡಲೇ ಆಯ್ಕೆಯನ್ನು ಹೊಡೆದುಹಾಕಬೇಡ. ಗದ್ಯಭಾಗವೇ ಅಷ್ಟು ಗಟ್ಟಿಯಾಗಿ ಹೇಳಿದ್ದರೆ ಗಟ್ಟಿ ಆಯ್ಕೆಯೇ ಸರಿ. ಅಳತೆ ಗದ್ಯಭಾಗದ್ದು, ಪದದ್ದಲ್ಲ.

ಇನ್ನೊಂದು ಬಹಳ ಮುಖ್ಯ. ಪ್ರಶ್ನೆಯ ಸಾಲನ್ನು ಗದ್ಯಭಾಗಕ್ಕಿಂತ ಮೊದಲು ಓದು. ಇನ್‌ಫರೆನ್ಸ್ ಕೇಳಿದ್ದಾರೋ ಅಸಂಪ್ಷನ್, ಅಂದರೆ ಲೇಖಕ ಬಾಯಿಬಿಟ್ಟು ಹೇಳದೆ ನಂಬಿಕೊಂಡದ್ದನ್ನು ಕೇಳಿದ್ದಾರೋ ನೋಡಿಕೋ. ಎರಡಕ್ಕೂ ಪರೀಕ್ಷೆ ತಿರುಗುಮುರುಗು. ಇನ್‌ಫರೆನ್ಸ್‌ನಲ್ಲಿ ಗದ್ಯಭಾಗವನ್ನು ನಿಜವೆಂದು ಇಟ್ಟುಕೊಂಡು ಆಯ್ಕೆಯನ್ನು ಅಲುಗಾಡಿಸುತ್ತೀಯೆ. ಅಸಂಪ್ಷನ್‌ನಲ್ಲಿ ಆಯ್ಕೆಯನ್ನು ಸುಳ್ಳೆಂದು ಇಟ್ಟುಕೊಂಡು ಲೇಖಕನ ವಾದ ಅಲುಗಾಡುತ್ತದೆಯೇ ಎಂದು ನೋಡುತ್ತೀಯೆ. ಇದೇ ಗದ್ಯಭಾಗದಲ್ಲಿ "ಸಹಾಯಧನದ ಉದ್ದೇಶ ಅಂತರ್ಜಲದ ಬಳಕೆಯನ್ನು ಇಳಿಸುವುದು" ಎಂಬುದು ಅಸಂಪ್ಷನ್. ಉದ್ದೇಶ ಅದಲ್ಲ, ಇಳುವರಿ ಹೆಚ್ಚಿಸುವುದು ಎಂದುಕೊಂಡು ನೋಡು, ಕೊನೆಯ ವಾಕ್ಯದ ಬುಡವೇ ಕುಸಿಯುತ್ತದೆ. ಪ್ರಶ್ನೆಯ ಸಾಲು ಓದಲು ಐದು ಸೆಕೆಂಡು ಸಾಕು. ಓದದೆ ಹೋದರೆ ಸರಿಯಾದ ಯೋಚನೆಯನ್ನು ತಪ್ಪು ಪ್ರಶ್ನೆಗೆ ಹಾಕಿದಂತಾಗುತ್ತದೆ.

ಈಗ ಸಮಯದ ಲೆಕ್ಕ. ಎರಡು ಗಂಟೆಗೆ 80 ಪ್ರಶ್ನೆ, ಸರಾಸರಿ ಒಂದಕ್ಕೆ 90 ಸೆಕೆಂಡು. ಗದ್ಯಭಾಗವನ್ನು ಒಮ್ಮೆ ನಿಧಾನವಾಗಿ ಓದಲು 45 ಸೆಕೆಂಡು ಕೊಡು. ನೀನು ಇಂಗ್ಲಿಷಿನ ಪ್ರತಿ ವಾಕ್ಯವನ್ನು ಮನಸ್ಸಿನಲ್ಲಿ ಕನ್ನಡ ಮಾಡಿಕೊಳ್ಳುತ್ತೇನೆ ಎಂದು ಹಿಂದೊಮ್ಮೆ ಹೇಳಿದ್ದೆ. ಅದನ್ನು ಬಿಡು. ಪೂರ್ತಿ ಓದಿದ ಮೇಲೆ ಲೇಖಕ ಹೇಳಿದ್ದು ಇಷ್ಟು ಎಂದು ಒಂದೇ ಒಂದು ಕನ್ನಡ ವಾಕ್ಯ ಹೇಳಿಕೋ. ಓದುವಾಗ "ಆದರೆ", "ಹೀಗಾಗಿ", "ಇಲ್ಲದಿದ್ದರೆ" ಎಂಬ ಅರ್ಥ ಬರುವ ಕಡೆ ಗೆರೆ ಎಳೆ. ವಾದ ತಿರುಗುವುದು ಅಲ್ಲಿ. ನಂತರ 25 ಸೆಕೆಂಡಿನಲ್ಲಿ ನಾಲ್ಕು ಆಯ್ಕೆ ಓದಿ ಎರಡನ್ನು ತೆಗೆ. ಉಳಿದದ್ದು 15-20 ಸೆಕೆಂಡು.

ಆ ಹೊತ್ತಿನಲ್ಲಿ ಗದ್ಯಭಾಗವನ್ನು ಮೊದಲಿನಿಂದ ಓದಲು ಹೋಗಬೇಡ. ಮೂರು ನಿಮಿಷ ತಿನ್ನುವುದು ಈ ಮರುಓದು. ಎರಡು ಆಯ್ಕೆಗಳನ್ನು ಅಕ್ಕಪಕ್ಕ ಇಟ್ಟು, ಅವುಗಳ ನಡುವಿನ ವ್ಯತ್ಯಾಸ ಯಾವ ಪದದಲ್ಲಿದೆ ಎಂದು ಮಾತ್ರ ನೋಡು. ಆ ಪದಕ್ಕೆ ಸಂಬಂಧಿಸಿದ ಒಂದೇ ವಾಕ್ಯಕ್ಕೆ ಹೋಗು. ಮೇಲಿನ ಉದಾಹರಣೆಯಲ್ಲಿ ಅದು ಕೊನೆಯ ವಾಕ್ಯ. ಅಲ್ಲಿಯೂ ಸಿಗದಿದ್ದರೆ ಒಂದನ್ನು ಗುರುತು ಮಾಡಿ ಮುಂದೆ ಹೋಗು.

ಋಣಾತ್ಮಕ ಅಂಕವಿದೆಯಲ್ಲ ಎನ್ನುತ್ತೀಯೆ. ಲೆಕ್ಕ ನೋಡು. ಸರಿಯುತ್ತರಕ್ಕೆ 2.5, ತಪ್ಪಿಗೆ ಅದರ ಮೂರನೆಯ ಒಂದು ಭಾಗ, ಸುಮಾರು 0.83. ಎರಡೇ ಆಯ್ಕೆ ಉಳಿದಾಗ ಆರು ಪ್ರಶ್ನೆ ಊಹಿಸಿ, ಮೂರು ಸರಿ, ಮೂರು ತಪ್ಪು ಎಂದರೂ 7.5 ಬಂದು 2.5 ಹೋಗುತ್ತದೆ, ಐದು ಅಂಕ ಕೈಯಲ್ಲಿ ಉಳಿಯುತ್ತದೆ. ನಾಲ್ಕರಲ್ಲಿ ಒಂದನ್ನೂ ತೆಗೆಯಲಾಗದೆ ಕಣ್ಣುಮುಚ್ಚಿ ಹಾಕಿದರೆ ಮಾತ್ರ ಲಾಭನಷ್ಟ ಸರಿಸಮ, ಅಂಥದ್ದನ್ನು ಬಿಟ್ಟುಬಿಡು. ಅಲ್ಲದೆ ಈ ಪತ್ರಿಕೆ 2015ರಿಂದ ಅರ್ಹತೆಗಷ್ಟೇ. 200ಕ್ಕೆ 66 ಬೇಕು, ಅಂದರೆ ಶೇಕಡಾ 33. 30 ಸರಿ, 10 ತಪ್ಪು ಆದರೂ 66 ದಾಟುತ್ತದೆ. ಒಂದು ಗದ್ಯಭಾಗದ ಮೇಲೆ ಹಟ ಹಿಡಿದು ಕೂರುವ ಪರೀಕ್ಷೆ ಇದಲ್ಲ. ನಿನಗೆ ಗಣಿತ ಬರುತ್ತದೆ, ಆ ಮೂರು ನಿಮಿಷದಲ್ಲಿ ಎರಡು ಲೆಕ್ಕ ಬಿಡಿಸುತ್ತೀಯೆ.

ತಮ್ಮನಿಗೆ ಒಂದು ಮಾತು: ಬ್ಯಾಂಕ್ ಪ್ರಿಲಿಮ್ಸ್‌ನಲ್ಲಿ ಇಂಗ್ಲಿಷ್ ವಿಭಾಗಕ್ಕೆ ಪ್ರತ್ಯೇಕ 20 ನಿಮಿಷ, ಅಲ್ಲಿ ಉಳಿಸಿದ ಸಮಯ ಗಣಿತಕ್ಕೆ ಸಿಗುವುದಿಲ್ಲ. ಹಾಗಾಗಿ ನೀನು ವ್ಯಾಕರಣ, ಪದಗಳ ಪ್ರಶ್ನೆ ಮುಗಿಸಿ ಕೊನೆಯಲ್ಲಿ ಗದ್ಯಭಾಗಕ್ಕೆ ಬಾ. ತಪ್ಪಿಗೆ ಕಾಲು ಅಂಕ ಹೋಗುತ್ತದೆ, ಎರಡು ಆಯ್ಕೆ ಉಳಿದಾಗ ಹಾಕುವ ಲೆಕ್ಕ ನಿನಗೂ ಹೊಂದುತ್ತದೆ.

ಪುಟ್ಟಿ, ನಾನು ಹೇಳಿದ ಪರೀಕ್ಷೆಗೂ ಒಂದು ಮಿತಿಯಿದೆ. ಆಯೋಗ ಕೇಳುವುದು "ಅತ್ಯಂತ ತಾರ್ಕಿಕ ಮತ್ತು ವಿವೇಚನಾಯುಕ್ತ" ಇನ್‌ಫರೆನ್ಸ್. ಕೆಲವು ಸಲ ನಾಲ್ಕೂ ಆಯ್ಕೆಗಳನ್ನು ಹೇಗಾದರೂ ಸುಳ್ಳು ಮಾಡಬಹುದು, ಯಾವುದೂ ಕಟ್ಟುನಿಟ್ಟಾಗಿ ನಿಲ್ಲುವುದಿಲ್ಲ. ಆಗ ಯಾವ ಆಯ್ಕೆಯನ್ನು ತಲುಪಲು ನಿನ್ನ ಕಡೆಯಿಂದ ಅತಿ ಕಡಿಮೆ ಸೇರಿಸಬೇಕಾಗುತ್ತದೆಯೋ ಅದನ್ನು ತೆಗೆದುಕೋ. ನೀತಿಯ ಬಗ್ಗೆ ಬರೆದ ಗದ್ಯಭಾಗಗಳಲ್ಲಿ ಹೀಗಾಗುವುದು ಹೆಚ್ಚು.

ಈ ಅಳತೆ ಕೈಗೆ ಹತ್ತಬೇಕಾದರೆ ಖಾಸಗಿ ಅಣಕು ಪರೀಕ್ಷೆಗಳನ್ನು ಸ್ವಲ್ಪ ದಿನ ಬದಿಗಿಡು. ಅವುಗಳನ್ನು ಬರೆಯುವವರು ಒಬ್ಬೊಬ್ಬರು ಒಂದೊಂದು ಅಳತೆ ಇಟ್ಟುಕೊಂಡಿರುತ್ತಾರೆ, ಅವರ ಕೀ ಉತ್ತರದ ಜೊತೆ ಜಗಳವಾಡಿ ನಿನ್ನ ತಲೆ ಕೆಡುತ್ತದೆ. ಯುಪಿಎಸ್‌ಸಿ ಜಾಲತಾಣದಲ್ಲಿ ಹಳೆಯ ಪ್ರಶ್ನೆಪತ್ರಿಕೆಗಳೂ ಆಯೋಗದ್ದೇ ಕೀ ಉತ್ತರಗಳೂ ಇವೆ. ಅವುಗಳಿಂದ ಗದ್ಯಭಾಗಗಳನ್ನಷ್ಟೇ ತೆಗೆದು, ಹತ್ತು ಪ್ರಶ್ನೆಗೆ ಹದಿನೈದು ನಿಮಿಷ ಇಟ್ಟು ಮಾಡು. ಮಧ್ಯಾಹ್ನ ಊಟದ ನಂತರ ಎರಡೂವರೆಗೇ ಕೂರು, ಅಸಲಿ ಪರೀಕ್ಷೆಯೂ ಆ ಹೊತ್ತಿಗೇ ಇರುವುದು, ಬೆಳಗಿನ ಪತ್ರಿಕೆ ಬರೆದು ದಣಿದ ಮೇಲೆ. ತಪ್ಪಾದ ಪ್ರತಿ ಉತ್ತರದ ಪಕ್ಕದಲ್ಲಿ, ನೀನು ಆರಿಸಿದ ಆಯ್ಕೆಯಲ್ಲಿ ಗದ್ಯಭಾಗದಲ್ಲಿಲ್ಲದ ಯಾವ ಪದವಿತ್ತು ಎಂದು ಬರೆ. ಸ್ವಲ್ಪ ದಿನ ಮಾಡಿದರೆ ನೀನು ಬೀಳುವ ಬಲೆ ಯಾವುದೆಂದು ಆ ಪಟ್ಟಿಯಲ್ಲೇ ಕಾಣುತ್ತದೆ. ನಿನ್ನದು "ಇಲ್ಲದಿದ್ದರೆ" ಬಲೆ ಎಂದು ನನ್ನ ಎಣಿಕೆ, ಆದರೆ ನೋಡದೆ ಹೇಳಲಾರೆ. ಭಾನುವಾರದೊಳಗೆ ಆ ಹಾಳೆಗಳ ಫೋಟೋ ನನಗೆ ಕಳುಹಿಸು. ಉಳಿದ ಎರಡು ಆಯ್ಕೆಗೂ ಸುತ್ತು ಹಾಕಿರು, ಸಂಜೆ ಕರೆ ಮಾಡಿ ಒಂದೊಂದಾಗಿ ಬೀಳಿಸೋಣ.